ಕಾಲೇಜು ಫೀಸಿನ ದುಡ್ಡನ್ನ ಷೇರಿನಿಂದ ಹೊರಗೆ ತರೋ ಲೆಕ್ಕ

ಮಗುವಿನ ಓದಿಗೆ ಅಂತ ಈಕ್ವಿಟಿಯಲ್ಲಿ ದುಡ್ಡು ಕೂಡಿಡೋರು ಸಾಮಾನ್ಯವಾಗಿ ಒಂದೇ ತಾರೀಖು ಇಟ್ಕೊಂಡಿರ್ತಾರೆ, ಕಾಲೇಜು ಸೇರೋ ದಿನ. ಆದ್ರೆ ಫೀಸು ಆ ದಿನ ಪೂರ್ತಿ ಕಟ್ಟೋದಿಲ್ವಲ್ಲ. ನಾಲ್ಕು ವರ್ಷದ ಕೋರ್ಸ್ ಆದ್ರೆ ನಾಲ್ಕು ಸಲ ಕಟ್ಬೇಕು. ಹಾಗಾಗಿ ಇದನ್ನ ನಾಲ್ಕು ಗಂಟು ಅಂತ ನೋಡಿ, ಒಂದೊಂದು ಗಂಟಿಗೂ ಅದರದೇ ತಾರೀಖು.

ಮೊದಲು ಅಪಾಯ ಎಷ್ಟು ದೊಡ್ಡದು ಅಂತ ತಿಳ್ಕೊಳೋಣ. 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅಮೆರಿಕದ ಎಸ್ ಆಂಡ್ ಪಿ 500 ಸೂಚ್ಯಂಕ ಸುಮಾರು ಶೇ 57ರಷ್ಟು ಕುಸೀತು. ಹಳೇ ಎತ್ತರಕ್ಕೆ ಮರಳಿದ್ದು 2013ರಲ್ಲಿ. 2020ರಲ್ಲಿ ಅದೇ ಸೂಚ್ಯಂಕ ಒಂದೇ ತಿಂಗಳ ಆಸುಪಾಸಲ್ಲಿ ಶೇ 34 ಬಿತ್ತು, ಆಗಸ್ಟ್ ಹೊತ್ತಿಗೆ ಚೇತರಿಸ್ಕೊಂಡ್ತು. ಕುಸಿತದ ನಡುವೆ ನಿಂತಾಗ ಇದು ಯಾವ ಥರದ್ದು ಅಂತ ಯಾರಿಗೂ ಗೊತ್ತಾಗಲ್ಲ. ಫೀಸಿನ ತಾರೀಖಂತೂ ಕಾಯಲ್ಲ.

ಈಗ ಒಂದು ಲೆಕ್ಕ ಮಾಡೋಣ. ಒಟ್ಟು 40 ಲಕ್ಷ, ವರ್ಷಕ್ಕೆ 10ರಂತೆ ನಾಲ್ಕು ಗಂಟು. ಸುಲಭವಾಗ್ಲಿ ಅಂತ ಫೀಸಿನ ಏರಿಕೆಯನ್ನ ಪಕ್ಕಕ್ಕಿಟ್ಟಿದೀವಿ. ಗಂಟಿನ ತಾರೀಖಿಗೆ 5 ವರ್ಷ ಅಥವಾ ಅದಕ್ಕಿಂತ ಹೆಚ್ಚು ಇದ್ರೆ ಅದರಲ್ಲಿ ಶೇ 80 ಈಕ್ವಿಟಿ, ಉಳಿದದ್ದು ಡೆಪಾಸಿಟ್, ಬಾಂಡ್ ಫಂಡ್ ಥರದ ಸುರಕ್ಷಿತ ಕಡೆ. 4 ವರ್ಷಕ್ಕೆ 60, 3ಕ್ಕೆ 40, 2ಕ್ಕೆ 20, ಕೊನೇ ವರ್ಷಕ್ಕೆ ಸೊನ್ನೆ.

ಮೊದಲ ಫೀಸಿಗೆ 5 ವರ್ಷ ಇರುವಾಗ 40ರಲ್ಲಿ 32 ಲಕ್ಷ ಈಕ್ವಿಟಿಯಲ್ಲಿ ಇರುತ್ತೆ. ಒಂದೇ ವರ್ಷ ಉಳಿದಾಗ ಮೊದಲ ಗಂಟಿನಲ್ಲಿ ಸೊನ್ನೆ, ಮುಂದಿನವುಗಳಲ್ಲಿ 2, 4, 6 ಲಕ್ಷ, ಒಟ್ಟು 12. ಆಗ ಮಾರುಕಟ್ಟೆ ಅರ್ಧಕ್ಕೆ ಬಿದ್ರೆ ಹೋಗೋದು 6 ಲಕ್ಷ. ಮೊದಲ ವರ್ಷದ ಫೀಸಿಗೆ ಏನೂ ಆಗಲ್ಲ, ಎರಡನೇದರಲ್ಲಿ 1 ಲಕ್ಷ ಕಡಿಮೆ ಬೀಳುತ್ತೆ. ಶೇ 80 ಹಾಗೇ ಬಿಟ್ಟಿದ್ರೆ 16 ಲಕ್ಷ ಹೋಗ್ತಿತ್ತು, ಅಂದ್ರೆ ಒಂದೂವರೆ ವರ್ಷಕ್ಕಿಂತ ಹೆಚ್ಚಿನ ಫೀಸು. ಕಾಲೇಜು ಸೇರೋ ಹೊತ್ತಿಗೆ ಇಡೀ ದುಡ್ಡನ್ನ ಹೊರಗೆ ತಂದುಬಿಡೋದೂ ಸರಿಯಲ್ಲ, ಯಾಕಂದ್ರೆ ಕೊನೇ ಫೀಸಿಗೆ ಆಗಲೂ 3 ವರ್ಷ ಇರುತ್ತೆ, ಅಷ್ಟರಲ್ಲಿ ಫೀಸು ಏರ್ತಾನೇ ಇರುತ್ತೆ.

ಇನ್ನು ಮಾಡೋದು ಹೇಗೆ? ಮೊದಲು ಮಾರೋಕೆ ಹೋಗ್ಬೇಡಿ. ಪ್ರತಿ ತಿಂಗಳು ಹಾಕೋ ಹೊಸ ಕಂತನ್ನ ಸುರಕ್ಷಿತ ಕಡೆಗೆ ತಿರುಗಿಸಿ, ಇದಕ್ಕೆ ಮಾರಿದ ಲಾಭದ ಮೇಲಿನ ತೆರಿಗೆಯೂ ಇಲ್ಲ, ಫಂಡ್‌ನಿಂದ ಹೊರಬರುವಾಗ ಕಟ್ಟೋ ಎಕ್ಸಿಟ್ ಲೋಡೂ ಇಲ್ಲ. ಅದು ಸಾಲದೇ ಇದ್ದಾಗ ಹಳೇದನ್ನ ಮಾರಿ, ಆ ವರ್ಷ ವರ್ಗಾಯಿಸಬೇಕಾದ್ದನ್ನ 12 ತಿಂಗಳಿಗೆ ಹಂಚಿ. ಹೀಗೆ ಮಾಡಿದ್ರೆ ಪೂರ್ತಿ ಮಾರಾಟ ಒಂದೇ ಕೆಟ್ಟ ದಿನದ ಮೇಲೆ ಬೀಳಲ್ಲ.

ಇಲ್ಲಿ ಬಹಳ ಜನ ಎಡವೋದು ವರ್ಷಕ್ಕೆ ಇಂತಿಷ್ಟೇ ಮೊತ್ತ ಅಂತ ಮೊದಲೇ ಗೊತ್ತು ಮಾಡ್ಕೊಂಡಾಗ. ಮೊದಲ ವರ್ಷ ಮಾರುಕಟ್ಟೆ ಶೇ 20 ಏರಿತು ಅನ್ನಿ. 32 ಲಕ್ಷ 38.4 ಆಯ್ತು, ಸುರಕ್ಷಿತ 8 ಹಾಗೇ ಇದೆ, ಒಟ್ಟು 46.4. ಮೊದಲ ಗಂಟಿಗೆ ಈಗ 4 ವರ್ಷ ಉಳಿದಿರೋದ್ರಿಂದ ಅದರದ್ದು ಶೇ 60, ಉಳಿದ ಮೂರರದ್ದು 80, ಹಾಗಾಗಿ ಈಗ ನಮ್ಮ ಒಟ್ಟು ಗುರಿ ಶೇ 75. 32ನ್ನ 30ಕ್ಕೆ ಇಳಿಸೋಕೆ ಅಂತ ಮೊದಲೇ ಅಂದುಕೊಂಡ 2 ಲಕ್ಷ ಮಾತ್ರ ವರ್ಗಾಯಿಸಿದ್ರೆ ಈಕ್ವಿಟಿ ಶೇ 78ರಲ್ಲೇ ನಿಲ್ಲುತ್ತೆ. ಗುರಿ ಮುಟ್ಟೋಕೆ 3.6 ಲಕ್ಷ ಬೇಕು. ಮೊತ್ತ ನೋಡ್ಬೇಡಿ, ಶೇಕಡಾವಾರು ನೋಡಿ.

ಮಾರುಕಟ್ಟೆ ಬಿದ್ದಾಗ 'ಏರ್ಲಿ, ಆಮೇಲೆ ತೆಗೆಯೋಣ' ಅನ್ನಿಸುತ್ತೆ. 4–5 ವರ್ಷ ದೂರದ ಗಂಟಿನಲ್ಲಿ ಒಂದಷ್ಟು ತಿಂಗಳು ತಡೆದ್ರೆ ನಮ್ಮ ಪ್ರಕಾರ ತಪ್ಪಿಲ್ಲ. ಎರಡು ವರ್ಷದೊಳಗಿನ ಗಂಟಿಗೆ ಮಾತ್ರ ಆ ಸಲಿಗೆ ಕೊಡಬಾರದು. ಅಲ್ಲಿ ಈಕ್ವಿಟಿ ಆಗಲೇ ಕಡಿಮೆಯಾಗಿರೋದ್ರಿಂದ ನಷ್ಟ ತಗೊಂಡು ಹೊರಬಂದ್ರೂ ದೊಡ್ಡ ಪೆಟ್ಟಲ್ಲ.

'ಸುರಕ್ಷಿತ' ಅನ್ನೋ ಹೆಸರಲ್ಲೂ ಮೋಸ ಹೋಗೋದುಂಟು. ಬಾಂಡ್ ಫಂಡ್‌ನ ವಿವರಪತ್ರದಲ್ಲಿ ಡ್ಯುರೇಶನ್ ಅಂತ ಒಂದು ಅಂಕಿ ಇರುತ್ತೆ. ಅದು 7 ಇದ್ರೆ, ಬಡ್ಡಿದರ ಶೇ 1 ಏರಿದಾಗ ಫಂಡ್‌ನ ಬೆಲೆ ಹೆಚ್ಚೂಕಡಿಮೆ ಶೇ 7 ಇಳಿಯುತ್ತೆ. 2022ರಲ್ಲಿ ಅಮೆರಿಕದ ಪ್ರಮುಖ ಬಾಂಡ್ ಸೂಚ್ಯಂಕ ಸುಮಾರು ಶೇ 13 ಕಳ್ಕೊಂಡಿದ್ದು ಹೀಗೇ, ಅದೂ ಷೇರುಗಳೂ ಬಿದ್ದ ವರ್ಷದಲ್ಲಿ. ಎರಡು ವರ್ಷದಲ್ಲಿ ಬೇಕಾದ ದುಡ್ಡಿಗೆ ಡ್ಯುರೇಶನ್ ಎರಡಕ್ಕಿಂತ ಹೆಚ್ಚಿರಬಾರದು. ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಯ ಆಸೆಗೆ ಕಡಿಮೆ ರೇಟಿಂಗ್ ಇರೋ ಬಾಂಡ್‌ಗೆ ಹೋಗೋದಂತೂ ಬೇಡವೇ ಬೇಡ.

ಫೀಸಿಗೆ ಒಂದೇ ವರ್ಷ ಉಳಿದಿರೋ ಗಂಟು ಡೆಪಾಸಿಟ್‌ನಲ್ಲಿ ಇರ್ಲಿ. ಮೊದಲ ಗಂಟಿನ ಡೆಪಾಸಿಟ್ ಮಾಗೋ ದಿನ ತರಗತಿ ಶುರುವಾಗೋ ದಿನಕ್ಕಲ್ಲ, ಸೀಟು ಹಿಡಿಯೋಕೆ ಮುಂಗಡ ಕಟ್ಟೋ ದಿನಕ್ಕೆ ಹೊಂದ್ಬೇಕು. ಮುಂಗಡ ಸಾಮಾನ್ಯವಾಗಿ ಎಷ್ಟೋ ವಾರ, ಕೆಲವೆಡೆ ತಿಂಗಳುಗಳಷ್ಟು ಮೊದಲೇ ಬರುತ್ತೆ. ಅವಧಿಗೆ ಮುಂಚೆ ಮುರಿದ್ರೆ ಬಡ್ಡಿ ಕಡಿತ ಆಗೋದ್ರಿಂದ, ಒಂದೇ ದೊಡ್ಡ ಡೆಪಾಸಿಟ್ ಬದಲು ಎರಡು ಮಾಡಿ: ಚಿಕ್ಕದು ಮುಂಗಡಕ್ಕೆ, ದೊಡ್ಡದು ಉಳಿದ ಫೀಸಿಗೆ.