ಗೆಲ್ಲೋರು ಯಾರು ಅಂತ ಮೊದಲೇ ಬರೆದಿರುತ್ತಾರಾ?

ನಮಸ್ಕಾರ. ರಿಯಾಲಿಟಿ ಶೋ ಫಿನಾಲೆ ಮುಗಿದ ರಾತ್ರಿ ಎಲ್ಲ ಕಡೆ ಒಂದೇ ಮಾತು: 'ಇದೆಲ್ಲ ಸ್ಕ್ರಿಪ್ಟ್, ಗೆಲ್ಲೋರು ಮೊದಲೇ ಫಿಕ್ಸ್.' ನನಗೆ ಹಾಗನ್ನಿಸುವುದಿಲ್ಲ. ಫಲಿತಾಂಶ ಬರೆದಿಡುವುದು ಅಪಾಯದ ಕೆಲಸ. ಹಾಗೆ ಮಾಡಿ ಸಿಕ್ಕಿಬಿದ್ದವರೂ ಇದ್ದಾರೆ. 1950ರ ದಶಕದಲ್ಲಿ ಅಮೆರಿಕದ ಕೆಲವು ಕ್ವಿಜ್ ಶೋಗಳು ತಮಗೆ ಬೇಕಾದ ಸ್ಪರ್ಧಿಗೆ ಉತ್ತರ ಮೊದಲೇ ಹೇಳಿಕೊಟ್ಟಿದ್ದವು. ಗುಟ್ಟು ರಟ್ಟಾಯಿತು. ಅಂಥ ಸ್ಪರ್ಧೆಗಳಲ್ಲಿ ಮೋಸ ಮಾಡುವುದು ಅಪರಾಧ ಅಂತ 1960ರಲ್ಲಿ ಅಲ್ಲಿ ಕಾನೂನೇ ಬಂತು.

ಇಷ್ಟಕ್ಕೂ ಫಲಿತಾಂಶ ಬರೆಯುವ ಅಗತ್ಯವಾದರೂ ಏನು? ಟಾಸ್ಕ್‌ನ ನಿಯಮ ಬರೆದರೆ ಸಾಕು.

ಒಂದು ಟಾಸ್ಕ್ ಕಲ್ಪಿಸಿಕೊಳ್ಳಿ. ಎರಡು ತಂಡ, ಎರಡು ಬುಟ್ಟಿ. ಬಜರ್ ಆಗುವಾಗ ಯಾರ ಬುಟ್ಟಿಯಲ್ಲಿ ಚೆಂಡು ಜಾಸ್ತಿ ಇದೆಯೋ ಅವರು ಗೆದ್ದ ಹಾಗೆ. ಪತ್ರದಲ್ಲಿ 'ನಿಮ್ಮ ಚೆಂಡುಗಳನ್ನು ಕಾಪಾಡಿಕೊಳ್ಳಿ' ಅಂತ ಇದೆ. ಎದುರು ತಂಡದ ಬುಟ್ಟಿಗೆ ಕೈ ಹಾಕಬಹುದಾ? ಬರೆದಿಲ್ಲ. ತಳ್ಳಬಹುದಾ? ಅದೂ ಇಲ್ಲ. 'ಉಸ್ತುವಾರಿಯ ತೀರ್ಮಾನವೇ ಅಂತಿಮ' ಅಂತ ಮಾತ್ರ ಸ್ಪಷ್ಟವಾಗಿ ಇದೆ. ಆ ಉಸ್ತುವಾರಿ ಯಾರು? ಹೋದ ವಾರ ಒಂದು ತಂಡದ ನಾಯಕನ ಜೊತೆ ಜಗಳ ಆಡಿದವರು. ಅವರು ಏನು ತೀರ್ಪು ಕೊಟ್ಟರೂ ಒಂದು ತಂಡ ಕೂಗಾಡಲೇಬೇಕು. ಇಲ್ಲಿ ಯಾರಿಗೂ ಡೈಲಾಗ್ ಕೊಟ್ಟಿಲ್ಲ. ಸಿಟ್ಟು ನಿಜ, ಕಣ್ಣೀರೂ ನಿಜ. ಆದರೆ ಆ ಸಂಜೆ ಜಗಳ ಆಗುತ್ತದೆ, ಆ ಇಬ್ಬರ ನಡುವೆಯೇ ಆಗುತ್ತದೆ ಅಂತ ನಿಯಮ ಬರೆದವರಿಗೆ ಗೊತ್ತಿತ್ತು. ನಿಯಮದಲ್ಲಿ ಉಳಿದ ಆ ಖಾಲಿ ಜಾಗ ಮರೆವಿನಿಂದ ಉಳಿದದ್ದು ಅಂತ ನಾನು ನಂಬುವುದಿಲ್ಲ.

ಆಮೇಲೆ ಎಡಿಟಿಂಗ್. ಇಡೀ ದಿನ ಹತ್ತಾರು ಕ್ಯಾಮೆರಾ ಓಡುತ್ತವೆ, ನಮಗೆ ಸಿಗುವುದು ಒಂದು ಗಂಟೆ, ಅದರಲ್ಲೂ ಜಾಹೀರಾತು. ಹಾಗಾಗಿ ಆಯ್ಕೆ ಮಾಡಲೇಬೇಕು, ಅದು ತಪ್ಪಲ್ಲ. ನನ್ನ ತಕರಾರು ಇರುವುದು ಮಾತನ್ನೇ ಕತ್ತರಿಸಿ ಅಂಟಿಸುವುದರ ಬಗ್ಗೆ. ಈ ಕಸುಬಿನಲ್ಲಿ ಅದಕ್ಕೆ ಫ್ರಾಂಕನ್‌ಬೈಟ್ ಅನ್ನುತ್ತಾರೆ.

ಕನ್ನಡದಲ್ಲಿ ಇದು ಇನ್ನೂ ಸುಲಭ. ಒಬ್ಬಳು ಕ್ಯಾಮೆರಾ ಮುಂದೆ ಕೂತು, 'ಅವನು ಗೆಲ್ಲೋಕೆ ಲಾಯಕ್ಕಿಲ್ಲ ಅಂತ ಎಲ್ಲರೂ ಹೇಳ್ತಾರೆ, ನನಗೆ ಹಾಗೆ ಅನ್ಸಲ್ಲ' ಅಂದಳು ಅಂತಿಟ್ಟುಕೊಳ್ಳಿ. ನಮ್ಮ ಭಾಷೆಯಲ್ಲಿ 'ಅಂತ' ಬರುವುದು ಮಾತು ಮುಗಿದ ಮೇಲೆ. ಅದು ಬರುವ ಮೊದಲೇ ಕತ್ತರಿ ಹಾಕಿದರೆ 'ಅವನು ಗೆಲ್ಲೋಕೆ ಲಾಯಕ್ಕಿಲ್ಲ' ಅಷ್ಟೇ ಉಳಿಯುತ್ತದೆ. ಊರವರ ಮಾತು ಅವಳ ಮಾತಾಯಿತು. ಅದಕ್ಕೆ ಅವನ ಸಪ್ಪೆ ಮುಖದ ಒಂದು ಶಾಟ್ ಸೇರಿಸಿದರೆ ಮುಗಿಯಿತು. ಆ ಮುಖ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕೂತಿದ್ದಾಗಿನದ್ದೂ ಆಗಿರಬಹುದು.

ಇದನ್ನು ಪತ್ತೆ ಮಾಡಬಹುದು. ಮಾತಿನ ಕೊನೆಗೆ ದನಿ ಇಳಿಯಬೇಕು, ಅಲ್ವಾ? ಕತ್ತರಿಸಿದ ಮಾತಿನಲ್ಲಿ ದನಿ ಮೇಲೇ ನಿಂತುಬಿಡುತ್ತದೆ, ಇನ್ನೂ ಏನೋ ಹೇಳುವುದಿದೆ ಅನ್ನುವ ಹಾಗೆ. ಮುಖ್ಯವಾದ ಪದ ಬರುವಾಗಲೇ ಅವಳ ಮುಖ ಬಿಟ್ಟು ಬೇರೆ ಯಾವುದೋ ದೃಶ್ಯ ತೋರಿಸಿದರೆ ಅನುಮಾನ ಪಡಿ, ಅಲ್ಲಿ ಜೋಡಣೆ ಇರಬಹುದು. ಹಿಂದಿನ ಫ್ಯಾನ್ ಸದ್ದು ಸಟ್ಟನೆ ನಿಂತರೂ ಅಷ್ಟೇ. ಇಬ್ಬರೂ ಒಂದೇ ಫ್ರೇಮಿನಲ್ಲಿ ಇದ್ದರೆ ಮಾತ್ರ ಆ ಪ್ರತಿಕ್ರಿಯೆಯನ್ನು ನಾನು ಪೂರ್ತಿ ನಂಬುತ್ತೇನೆ.

ಅಮೆರಿಕದ ರಿಯಾಲಿಟಿ ಶೋ ಸರ್ವೈವರ್‌ನ ನಿರ್ಮಾಪಕ ಮಾರ್ಕ್ ಬರ್ನೆಟ್ 2001ರಲ್ಲಿ ಒಂದು ವಿಷಯ ಒಪ್ಪಿಕೊಂಡರು. ಕೆಲವು ದೃಶ್ಯಗಳನ್ನು ಬದಲಿ ಜನರನ್ನು ಇಟ್ಟು ಮತ್ತೆ ಚಿತ್ರಿಸಿದ್ದರಂತೆ. ಸ್ಪರ್ಧೆಯ ಫಲಿತಾಂಶಕ್ಕೆ ಅದರಿಂದ ಏನೂ ಆಗಲಿಲ್ಲ ಅನ್ನುವುದು ಅವರ ವಾದ. ಆ ದೃಶ್ಯಗಳ ಮಟ್ಟಿಗೆ ಅದನ್ನು ಒಪ್ಪೋಣ. ಆದರೆ ಜನ ಓಟು ಹಾಕುವ ಶೋನಲ್ಲಿ ಈ ವಾದ ನಿಲ್ಲುವುದಿಲ್ಲ. ಅಲ್ಲಿ ಓಟು ಬೀಳುವುದೇ ಎಪಿಸೋಡ್ ನೋಡಿ. ಎಣಿಕೆ ಒಂದಿಷ್ಟೂ ತಪ್ಪದೆ ನಡೆದಿರಬಹುದು. ಆದರೆ 'ಲಾಯಕ್ಕಿಲ್ಲ' ಅಂದವಳಿಗೆ ತಪ್ಪಿದ ಓಟು, ಅವಳು ಆಡದ ಮಾತಿಗೆ ತಪ್ಪಿದ ಓಟು.

ಎಡಿಟರ್ ಎಲ್ಲವನ್ನೂ ಮಾಡಲಾರ, ಇದನ್ನೂ ಹೇಳಲೇಬೇಕು. ತಾಳ್ಮೆ ಇರುವವನನ್ನು ಮೂರು ತಿಂಗಳು ಜಗಳಗಂಟ ಅಂತ ತೋರಿಸಲು ಅಷ್ಟು ಜಗಳದ ಫುಟೇಜ್ ಬೇಕು. ಹೊರಗೆ ಬಂದ ಪ್ರತಿಯೊಬ್ಬರೂ 'ಎಡಿಟಿಂಗ್‌ನಲ್ಲಿ ನನ್ನನ್ನು ಕೆಟ್ಟವನನ್ನಾಗಿ ಮಾಡಿದರು' ಅಂದರೆ ಸುಮ್ನೆ ನಂಬಬೇಕಿಲ್ಲ. ಅಮೆರಿಕದ ಬಿಗ್ ಬ್ರದರ್‌ಗೆ ಎಪಿಸೋಡ್ ಅಲ್ಲದೆ ಲೈವ್ ಫೀಡ್ ಕೂಡ ಇದೆ. ಅದು ಎಲ್ಲವನ್ನೂ ತೋರಿಸುವುದಿಲ್ಲ, ಆಗಾಗ ಕಡಿತವಾಗುತ್ತದೆ. ಆದರೂ ಎಪಿಸೋಡ್‌ನಲ್ಲಿ ಏನು ಬಿಟ್ಟಿದ್ದಾರೆ ಅಂತ ಅಲ್ಲಿನ ಪ್ರೇಕ್ಷಕರು ಪಕ್ಕಪಕ್ಕ ಇಟ್ಟು ನೋಡಬಹುದು.

ನಾನು ಕೇಳುವುದು ಅಷ್ಟೂ ಅಲ್ಲ. ಓಟಿಂಗ್ ತೆರೆದಿರುವ ವಾರದಲ್ಲಾದರೂ, ದೊಡ್ಡ ಜಗಳದ ಹಿಂದಿನ ಐದು ನಿಮಿಷವನ್ನು ಕತ್ತರಿಸದೆ ಆನ್‌ಲೈನ್‌ನಲ್ಲಿ ಹಾಕಲಿ.