ಬೀಪ್ ಟೆಸ್ಟ್: ಓಡಿಸುವುದು ಹೇಗೆ, ಅಂಕ ಓದುವುದು ಹೇಗೆ

ಕೇಳುಗರೇ, ನಮಸ್ಕಾರ.

ನಮ್ಮ ಶಾಲೆಗಳಲ್ಲಿ ಷಟಲ್ ರನ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಮರದ ತುಂಡು ಎತ್ತಿ ತರುವ 10 ಮೀಟರ್ ಓಟ. ನಾಲ್ಕು ಸಲ ಓಡಿದರೆ ಮುಗಿಯಿತು. ಅದು ಚುರುಕುತನದ ಪರೀಕ್ಷೆ. ನಾನು ಇವತ್ತು ಮಾತಾಡುವುದು 20 ಮೀಟರ್ ಷಟಲ್ ರನ್ ಬಗ್ಗೆ, ಅಂದರೆ ಬೀಪ್ ಟೆಸ್ಟ್. ಇದು ಅಳೆಯುವುದು ದಮ್ಮು. ಕೆನಡಾದ ಮಾಂಟ್ರಿಯಲ್‌ನಲ್ಲಿ ಲುಕ್ ಲೆಜೆ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಇದನ್ನು ರೂಪಿಸಿದರು. ಕ್ರಿಕೆಟ್ ಸುದ್ದಿಯಲ್ಲಿ ಕೇಳುವ ಯೋ-ಯೋ ಟೆಸ್ಟ್ ಇದರ ತಮ್ಮನಿದ್ದ ಹಾಗೆ. ಅಲ್ಲಿ ಪ್ರತಿ 40 ಮೀಟರಿಗೆ 10 ಸೆಕೆಂಡ್ ಬಿಡುವು ಸಿಗುತ್ತದೆ, ಇಲ್ಲಿ ಬಿಡುವೇ ಇಲ್ಲ.

ವಿಧಾನ ಸುಲಭ. 20 ಮೀಟರ್ ದೂರದಲ್ಲಿ ಎರಡು ಸುಣ್ಣದ ಗೆರೆ. ಬೀಪ್ ಬಂದಾಗ ಹೊರಡಬೇಕು, ಮುಂದಿನ ಬೀಪ್ ಬರುವುದರೊಳಗೆ ಆ ಕಡೆ ಗೆರೆ ಮುಟ್ಟಬೇಕು. ಮೊದಲ ನಿಮಿಷ ವೇಗ ಗಂಟೆಗೆ 8.5 ಕಿಲೋಮೀಟರ್. ಆಮೇಲೆ ಪ್ರತಿ ನಿಮಿಷಕ್ಕೆ ಅರ್ಧ ಕಿಲೋಮೀಟರ್ ಜಾಸ್ತಿ. ಈ ಒಂದೊಂದು ನಿಮಿಷವೂ ಒಂದು ಲೆವೆಲ್, ಒಂದು ಗೆರೆಯಿಂದ ಇನ್ನೊಂದಕ್ಕೆ ಓಡಿದರೆ ಒಂದು ಸುತ್ತು. ಹಾಗಾಗಿ ಒಂದನೇ ಲೆವೆಲ್‌ನಲ್ಲಿ 7 ಸುತ್ತು, ಎರಡು ಮತ್ತು ಮೂರರಲ್ಲಿ 8, ನಾಲ್ಕು ಮತ್ತು ಐದರಲ್ಲಿ 9. ಐದು ಲೆವೆಲ್ ಮುಗಿಸಿದ ಮಗು ಒಟ್ಟು 41 ಸುತ್ತು ಓಡಿರುತ್ತದೆ.

ಮಕ್ಕಳು ಮೈದಾನಕ್ಕೆ ಇಳಿಯುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಮೊದಲನೆಯದು ದೂರ. ದಯವಿಟ್ಟು ಹೆಜ್ಜೆ ಹಾಕಿ ಅಳೆಯಬೇಡಿ, ಟೇಪು ಹಿಡಿಯಿರಿ. ಗೆರೆ 20ರ ಬದಲು 19 ಮೀಟರಿಗೆ ಬಿತ್ತು ಅಂದುಕೊಳ್ಳಿ. ಒಂದು ಮೀಟರ್ ತಾನೇ ಅನ್ನಿಸಬಹುದು. ಆದರೆ ಐದನೇ ಲೆವೆಲ್‌ನ ವೇಗ ಗಂಟೆಗೆ 10.5 ಕಿಲೋಮೀಟರ್. ಗೆರೆ ಒಂದು ಮೀಟರ್ ಒಳಗೆ ಬಂದರೆ ಮಗು ನಿಜವಾಗಿ ಓಡುವುದು ಸುಮಾರು 10ರ ವೇಗದಲ್ಲಿ. ಅಂದರೆ ಇಡೀ ಒಂದು ಲೆವೆಲ್ ಸುಮ್ನೆ ಸಿಕ್ಕಿಬಿಡುತ್ತದೆ. ಮುಂದಿನ ವರ್ಷ ಬೇರೆಯವರು ಸರಿಯಾಗಿ ಅಳೆದು ಗೆರೆ ಹಾಕಿದರೆ, ಇಡೀ ತರಗತಿಯ ದಮ್ಮು ಕುಗ್ಗಿದಂತೆ ಕಾಣುತ್ತದೆ.

ಎರಡನೆಯದು ಬೀಪ್. ಮೊಬೈಲಿನಲ್ಲಿ ಸಿಗುವ ಆಡಿಯೋಗಳೆಲ್ಲ ಒಂದೇ ಅಲ್ಲ. ಕೆಲವು 8ರ ವೇಗದಿಂದ ಶುರುವಾಗುತ್ತವೆ. ಸ್ಟಾಪ್‌ವಾಚ್ ಹಿಡಿದರೆ ಗೊತ್ತಾಗುತ್ತದೆ. ಮೊದಲ ಲೆವೆಲ್‌ನಲ್ಲಿ ಬೀಪಿನಿಂದ ಬೀಪಿಗೆ ಸುಮಾರು ಎಂಟೂವರೆ ಸೆಕೆಂಡ್ ಇದ್ದರೆ ಅದು 8.5ರದ್ದು, 9 ಸೆಕೆಂಡ್ ಇದ್ದರೆ 8ರದ್ದು. ಯಾವುದನ್ನು ಬಳಸಿದಿರಿ ಅಂತ ಹಾಳೆಯ ಮೇಲೆ ಬರೆದಿಡಿ, ಮುಂದಿನ ಸಲವೂ ಅದನ್ನೇ ಹಾಕಿ.

ಇನ್ನು 40 ಮಕ್ಕಳ ತರಗತಿ. ಎಲ್ಲರನ್ನೂ ಒಟ್ಟಿಗೆ ಓಡಿಸಿದರೆ ಲೆಕ್ಕ ಯಾರಿಗೂ ಸಿಗುವುದಿಲ್ಲ. ಜೋಡಿ ಮಾಡಿ. ಅರ್ಧ ಜನ ಓಡಲಿ, ಅವರವರ ಜೊತೆಗಾರರು ಗೆರೆಯ ಹಿಂದೆ ಹಾಳೆ ಪೆನ್ಸಿಲ್ ಹಿಡಿದು ಕೂರಲಿ. ಹಾಳೆಯಲ್ಲಿ ಮೊದಲ ಸಾಲಿಗೆ 1ರಿಂದ 7, ಎರಡನೆಯದಕ್ಕೆ 8ರಿಂದ 15, ಹೀಗೆ ಅಂಕೆಗಳು ಮೊದಲೇ ಇರಲಿ. ಒಂದು ಸುತ್ತು ಮುಗಿದರೆ ಒಂದು ಅಂಕೆಗೆ ಗೀಟು. ಒಬ್ಬೊಬ್ಬರಿಗೆ ಒಂದು ಮೀಟರ್ ಅಗಲ ಬೇಕು. 20 ಜನ ಓಡಲು ಜಾಗ ಸಾಲದಿದ್ದರೆ ಹತ್ತು ಹತ್ತು ಜನರನ್ನು ಓಡಿಸಿ. ಆಗ ಒಂದು ಪೀರಿಯಡ್ ಸಾಲದು, ಎರಡು ತೆಗೆದುಕೊಳ್ಳಿ.

ಜ್ವರ ಬಂದು ಎದ್ದವರು, ವೀಜಿಂಗ್ ಇರುವವರು, ಹೃದಯದ ತೊಂದರೆ ಇರುವವರು ಯಾರು ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ವೈದ್ಯರು ಸರಿ ಅನ್ನುವವರೆಗೆ ಅವರು ಓಡುವುದು ಬೇಡ, ಲೆಕ್ಕ ಬರೆಯಲಿ. ಬೆಳಗಿನ ತಂಪಿನಲ್ಲೇ ಓಡಿಸಿ, ಊಟವಾದ ಮೇಲೆ ಬೇಡ.

ಮೊದಲ ಸಲ ಓಡುವ ಮಕ್ಕಳು ಮಾಡುವುದು ಏನು ಗೊತ್ತಾ? ಬೀಪ್ ಕೇಳಿದ ಕೂಡಲೇ ಜೋರಾಗಿ ಓಡಿ, ಆ ಕಡೆ ಗೆರೆಯ ಹತ್ತಿರ ಹೋಗಿ ಕಾಯುತ್ತಾ ನಿಲ್ಲುತ್ತಾರೆ. ಹಾಗೆ ಓಡಿದವರು ಮೂರನೇ ಲೆವೆಲ್‌ಗೇ ಸುಸ್ತಾಗುತ್ತಾರೆ. ಆಗ ಹಾಳೆಯಲ್ಲಿ ದಾಖಲಾಗುವುದು ದಮ್ಮಲ್ಲ, ಅವಸರ. ಅದಕ್ಕೇ ಒಂದೆರಡು ದಿನ ಮೊದಲು ಮೊದಲ ಎರಡು ಲೆವೆಲ್ ಮಾತ್ರ ಓಡಿಸಿ ರೂಢಿ ಮಾಡಿಸಿ. ಕಾಲು ಗೆರೆ ಮುಟ್ಟುವುದಕ್ಕೂ ಬೀಪ್ ಬರುವುದಕ್ಕೂ ಸರಿಹೋಗುವ ಹಾಗೆ ಓಡಲು ಅವರಿಗೆ ಬರಬೇಕು.

ನಿಲ್ಲಿಸುವ ನಿಯಮವನ್ನೂ ಮೊದಲೇ ಹೇಳಿಬಿಡಿ. ಮೊದಲ ಸಲ ಗೆರೆ ತಪ್ಪಿದರೆ ಇದ್ದಲ್ಲಿಂದಲೇ ತಿರುಗಿ ಓಟ ಮುಂದುವರಿಸಬೇಕು. ಎರಡನೇ ಸಲ ತಪ್ಪಿದರೆ ಮುಗಿಯಿತು. ಮೊದಲು ತಪ್ಪಿದ ಸುತ್ತನ್ನು ಲೆಕ್ಕಕ್ಕೆ ಹಿಡಿಯುತ್ತೀರೋ ಇಲ್ಲವೋ, ಎಲ್ಲರಿಗೂ ಒಂದೇ ನಿಯಮ ಇರಲಿ. "ಪಾಪ, ಇನ್ನೊಂದು ಹೆಜ್ಜೆ ಇತ್ತು ಸಾರ್" ಅಂತ ಗೆಳೆಯನಿಗೆ ಒಂದು ಸುತ್ತು ಸೇರಿಸುವ ಜೊತೆಗಾರರು ಇದ್ದೇ ಇರುತ್ತಾರೆ. ಗೆರೆಯ ಎರಡೂ ತುದಿಯಲ್ಲಿ ದೊಡ್ಡವರೊಬ್ಬರು ಇರುವುದು ಅದಕ್ಕೇ. ನಿಲ್ಲಿಸಿದ ಮಕ್ಕಳು ತಕ್ಷಣ ಕೂರದೆ, ಓಡುವವರಿಗೆ ಅಡ್ಡ ಬಾರದ ಹಾಗೆ ಸ್ವಲ್ಪ ಹೊತ್ತು ನಡೆದಾಡಲಿ.

ಈಗ ಅಂಕ ಕೈಯಲ್ಲಿದೆ. ಇಲ್ಲೇ ಜಾಸ್ತಿ ಅನ್ಯಾಯ ಆಗುವುದು.

ಒಂದೇ ಎಂಟನೇ ತರಗತಿಯ ಇಬ್ಬರು ಹುಡುಗರನ್ನು ತೆಗೆದುಕೊಳ್ಳಿ. ಒಬ್ಬನಿಗೆ 12 ವರ್ಷ, ಇನ್ನೊಬ್ಬನಿಗೆ 14. ಇಬ್ಬರೂ 41 ಸುತ್ತು ಓಡಿದರು. ಸಮ ಅಲ್ವಾ? ಲೆಜೆಯವರು ಮಕ್ಕಳಿಗಾಗಿ 1988ರಲ್ಲಿ ಕೊಟ್ಟ ಸೂತ್ರಕ್ಕೆ ವೇಗ ಮತ್ತು ವಯಸ್ಸು ಹಾಕಿ ನೋಡೋಣ. ದೇಹ ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸಬಲ್ಲದು ಅಂತ ಅದು ಅಂದಾಜು ಹೇಳುತ್ತದೆ. ಚಿಕ್ಕವನಿಗೆ ಸುಮಾರು 45 ಮಿಲಿಲೀಟರ್ ಬರುತ್ತದೆ, ದೊಡ್ಡವನಿಗೆ 42. ಕಾರಣ ಇದೆ. ಅದೇ ವೇಗದಲ್ಲಿ ಓಡಲು ಚಿಕ್ಕ ಮಕ್ಕಳಿಗೆ ಪ್ರತಿ ಕಿಲೋ ತೂಕಕ್ಕೆ ಹೆಚ್ಚು ಆಮ್ಲಜನಕ ಬೇಕು. ಬೆಳೆದಂತೆ ಓಟ ಮಿತವ್ಯಯದ್ದಾಗುತ್ತದೆ. ಹಾಗಾಗಿ ಚಿಕ್ಕವನ 41ರ ಹಿಂದೆ ಹೆಚ್ಚು ದಮ್ಮು ಇದೆ.

ಹಾಗಂತ ಚಿಕ್ಕವನಿಗೆ ಎ, ದೊಡ್ಡವನಿಗೆ ಬಿ ಕೊಡುವುದಾ? ಬೇಡ. ಮಕ್ಕಳ ವಿಷಯದಲ್ಲಿ ಈ ಅಂದಾಜು ಸುಮಾರು 6 ಮಿಲಿಲೀಟರ್ ಆ ಕಡೆ ಈ ಕಡೆ ಆಗುವುದು ಮಾಮೂಲು. ನಮ್ಮ ವ್ಯತ್ಯಾಸ ಬರೀ 3. ಆಮ್ಲಜನಕದ ಅಂಕಿಯನ್ನು ಮಗುವಿನ ಹೆಸರಿನ ಮುಂದೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಎಷ್ಟು ಸುತ್ತು ಓಡಿತೋ ಅದನ್ನೇ ಬರೆಯಿರಿ.

ಮತ್ತೆ ಹೋಲಿಸುವುದು ಯಾರ ಜೊತೆ? ಅದೇ ಮಗುವಿನ ಹಿಂದಿನ ಓಟದ ಜೊತೆ. ಅಲ್ಲೂ ಜಾಗ್ರತೆ ಬೇಕು. ಎರಡು ಮೂರು ಸುತ್ತಿನ ಏರಿಳಿತ ನಿದ್ದೆ, ಬಿಸಿಲು, ಮನಸ್ಸಿನ ಮೇಲೂ ಇರುತ್ತದೆ. ಅದನ್ನು ಪ್ರಗತಿ ಅನ್ನಬೇಡಿ, ಹಿನ್ನಡೆ ಅಂತಲೂ ಅನ್ನಬೇಡಿ. ಜುಲೈಯಲ್ಲಿ ಮೋಡದ ಬೆಳಗ್ಗೆ ಓಡಿದ್ದನ್ನು ಕಲಬುರಗಿಯ ಮಾರ್ಚ್ ಬಿಸಿಲಿನ ಓಟದ ಜೊತೆ ಇಟ್ಟರೆ ಅದು ಹೋಲಿಕೆಯೇ ಅಲ್ಲ. ಹಾಳೆಯಲ್ಲಿ ತಿಂಗಳು, ಹೊತ್ತು, ನೆಲ ಎಂಥದು, ಶೂ ಇತ್ತೋ ಬರಿಗಾಲೋ ಎಲ್ಲ ಇರಲಿ. ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ತಿರುಗುವ ಮಗು ದಮ್ಮು ಮುಗಿಯುವ ಮೊದಲೇ ನಿಂತುಬಿಡುತ್ತದೆ.

ಬೆಳವಣಿಗೆಯನ್ನೂ ನೋಡಬೇಕು. ಒಬ್ಬ ಹುಡುಗ ಜೂನ್‌ನಲ್ಲಿ 38 ಕಿಲೋ ಇದ್ದು 32 ಸುತ್ತು ಓಡಿದ. ಫೆಬ್ರವರಿಯಲ್ಲಿ 43 ಕಿಲೋ, ಮತ್ತೆ 32. ಹಾಳೆ ನೋಡಿದವರು "ಏನೂ ಬದಲಾಗಿಲ್ಲ" ಅನ್ನುತ್ತಾರೆ. ಆದರೆ ಅವನು ಐದು ಕಿಲೋ ಜಾಸ್ತಿ ಹೊತ್ತು ಅಷ್ಟೇ ಓಡಿದ್ದಾನೆ. ಇದು ಚೆನ್ನಾಗಿ ಓಡಿದ ಲೆಕ್ಕವೇ. ಹೆಣ್ಣುಮಕ್ಕಳು ದೊಡ್ಡವರಾಗುವ ಹೊತ್ತಿಗೆ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ, ಸುತ್ತುಗಳು ಏರದೆ ನಿಲ್ಲಬಹುದು. ಅದನ್ನು ಸೋಮಾರಿತನ ಅನ್ನಬಾರದು, ಹುಡುಗರ ಪಟ್ಟಿಯಲ್ಲಿ ಸೇರಿಸಿ ಓದಲೂಬಾರದು. ಆದರೆ 30 ಓಡುತ್ತಿದ್ದ ಹುಡುಗಿ 15ಕ್ಕೇ ಏದುಸಿರು ಬಿಟ್ಟು ನಿಂತರೆ, ಮುಖ ಬಿಳಿಚಿಕೊಂಡಿದ್ದರೆ, ಮನೆಯವರಿಗೆ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ರಕ್ತಹೀನತೆ ಇರಬಹುದು.

ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕಬೇಡಿ. ಪ್ರತಿ ಮಗುವಿಗೂ ಒಂದು ಚೀಟಿ ಕೊಡಿ. ಅದರಲ್ಲಿ ಹಿಂದಿನ ಸುತ್ತು, ಈಗಿನ ಸುತ್ತು, ಎರಡೂ ದಿನದ ತೂಕ ಇದ್ದರೆ ಸಾಕು. ನಮಸ್ಕಾರ.