ಧೂಳಿನ ಹಲಗೆ ಮೇಲಿನ ಸೊನ್ನೆ

[ಪರದೆ: ಹಲಗೆ ಮೇಲೆ ತೆಳ್ಳಗೆ ಹರಡಿದ ಧೂಳು, ಬರೆಯುತ್ತಿರುವ ಬೆರಳು]

ಸೊನ್ನೆ ಯಾರದು ಅನ್ನುವ ಜಗಳ ಇವತ್ತು ಬೇಡ. ಸುಮ್ನೆ ಒಂದು ಲೆಕ್ಕ ಮಾಡೋಣ. 203 ಗುಣಿಸು 12. ಕಾಗದ ಇಲ್ಲ, ಧೂಳಿನ ಹಲಗೆ ಇದೆ. ಭಾರತದಲ್ಲಿ ಹುಟ್ಟಿದ ಲೆಕ್ಕದ ದಾರಿ ಅರಬ್ ನಾಡಿನಲ್ಲಿ ಇಂಥ ಹಲಗೆಯ ಮೇಲೆಯೇ ನಡೆಯುತ್ತಿತ್ತು.

```
 203
12
```

12ರ ಬಿಡಿ ಸ್ಥಾನ 203ರ ಮೊದಲ ಅಂಕಿಯ ಕೆಳಗೆ ಕೂತಿದೆ, ನೋಡಿ. ಈಗ 2 ಒಂದಲ 2. ಅದನ್ನು 1ರ ಮೇಲೆ ಬರೆಯಿರಿ. 2 ಎರಡಲ 4. ಮೇಲಿನ 2 ಅಳಿಸಿ 4 ಬರೆಯಿರಿ. ಮೇಲೆ 2403 ಬಂತು.

12 ಅನ್ನು ಒಂದು ಮನೆ ಬಲಕ್ಕೆ ಸರಿಸಿ. ಈಗ ಸೊನ್ನೆಯ ಸರದಿ. ಯಾವುದೂ ಬದಲಾಗುವುದಿಲ್ಲ. ಇನ್ನೊಂದು ಮನೆ ಸರಿಸಿ. 3 ಒಂದಲ 3. ಅದು ಹೋಗಿ ಕೂರುವುದು ಎಲ್ಲಿ? ಸೊನ್ನೆ ಕಾದಿಟ್ಟಿದ್ದ ಜಾಗದಲ್ಲಿ! 3 ಎರಡಲ 6, ಮೇಲಿನ 3 ಅಳಿಸಿ 6 ಬರೆಯಿರಿ. ಉತ್ತರ 2436.

ಆ ಜಾಗ ಖಾಲಿ ಬಿಟ್ಟಿದ್ದರೆ? 203 ಯಾವುದು, 23 ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ, ಅಲ್ವಾ? ಆದರೆ ಜಾಗ ಕಾಯುವುದಷ್ಟೇ ಸೊನ್ನೆಯ ಕೆಲಸ ಅಲ್ಲ. 628ರಲ್ಲಿ ಬ್ರಹ್ಮಗುಪ್ತ ಅದನ್ನೂ ಒಂದು ಸಂಖ್ಯೆ ಅಂತಲೇ ಹಿಡಿದು, ಕೂಡಲು, ಕಳೆಯಲು, ಗುಣಿಸಲು ನಿಯಮ ಬರೆದ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದ. ಅದೊಂದು ಮಾತ್ರ ತಪ್ಪು.

[ಪರದೆ: ನಕ್ಷೆಯಲ್ಲಿ ಬಾಗ್ದಾದ್]

ಸುಮಾರು 825ರಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಈ ಲೆಕ್ಕದ ಬಗ್ಗೆ ಪುಸ್ತಕ ಬರೆದ. ಅರಬ್ಬಿ ಮೂಲ ಕಳೆದುಹೋಗಿದೆ, ಲ್ಯಾಟಿನ್ ರೂಪ ಉಳಿದಿದೆ. ಅಲ್ಗಾರಿದಮ್ ಅನ್ನುವ ಪದ ಬಂದಿದ್ದು ಅವನ ಹೆಸರಿನಿಂದಲೇ.

ಧೂಳಿನಲ್ಲಿ ಒಂದು ತೊಂದರೆ ಇತ್ತು. ಅಳಿಸುತ್ತಾ ಹೋದರೆ ಎಲ್ಲಿ ತಪ್ಪಿದೆವು ಅಂತ ಹಿಂದಿರುಗಿ ನೋಡಲು ಆಗುವುದಿಲ್ಲ. 952ರ ಸುಮಾರಿಗೆ ಡಮಾಸ್ಕಸ್‌ನಲ್ಲಿ ಅಲ್-ಉಕ್ಲಿದಿಸಿ, ಅಳಿಸದೆ ಕಾಗದದ ಮೇಲೆ ಮಾಡುವ ದಾರಿ ತೋರಿಸಿದ. ಅವನ ಇನ್ನೊಂದು ದೂರು ಕೇಳಿದರೆ ನಗು ಬರುತ್ತದೆ. ಹಲಗೆ ಹಿಡಿದು ಕೂತರೆ ಬೀದಿ ಜ್ಯೋತಿಷಿ ಅಂದುಕೊಳ್ಳುತ್ತಾರಂತೆ!

ಹೆಸರೂ ಪ್ರಯಾಣ ಮಾಡಿತು. ಸಂಸ್ಕೃತದ ಶೂನ್ಯ ಸವೆದು ನಮ್ಮಲ್ಲಿ ಸೊನ್ನೆ ಆಯಿತು. ಅರಬ್ಬರು ಶಬ್ದ ಬಿಟ್ಟು ಅರ್ಥ ತೆಗೆದುಕೊಂಡರು: ಸಿಫ್ರ್, ಅಂದರೆ ಖಾಲಿ. ಅಲ್ಜೀರಿಯಾದ ಬುಜಿಯಾ ಬಂದರಿನಲ್ಲಿ ಈ ಅಂಕಿಗಳನ್ನು ಕಲಿತ ಪೀಸಾದ ಫಿಬೊನಾಚಿ 1202ರಲ್ಲಿ ಅದನ್ನು ಜೆಫಿರಮ್ ಅಂತ ಬರೆದ. ಅದೇ ಮುಂದೆ ಜೀರೋ.

[ಪರದೆ: ಲೆಕ್ಕದ ಪುಸ್ತಕ. 0 ನಿಧಾನವಾಗಿ 6 ಆಗುತ್ತದೆ]

ಎಲ್ಲರೂ ಕೈಚಾಚಿ ಬರಮಾಡಿಕೊಳ್ಳಲಿಲ್ಲ. 1299ರಲ್ಲಿ ಫ್ಲಾರೆನ್ಸ್‌ನ ಹಣ ವಿನಿಮಯಗಾರರ ಸಂಘ, ಲೆಕ್ಕದ ಪುಸ್ತಕದಲ್ಲಿ ಈ ಅಂಕಿ ಬೇಡ, ಮೊತ್ತವನ್ನು ಅಕ್ಷರದಲ್ಲೇ ಬರೆಯಿರಿ ಅಂತ ನಿಯಮ ಮಾಡಿತು. ಮೋಸದ ಭಯ ಇದಕ್ಕೆ ಕಾರಣ ಅಂತ ಜಾಸ್ತಿ ಜನ ಹೇಳುತ್ತಾರೆ. ಸೊನ್ನೆಗೆ ಒಂದು ಬಾಲ ಎಳೆದರೆ 6 ಅಥವಾ 9 ಆಗಿಬಿಡುತ್ತದೆ. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯ ಜೊತೆ ಅಕ್ಷರದಲ್ಲೂ ಬರೆಯುತ್ತೇವಲ್ಲ, ಅಲ್ಲಿಯೂ ಇದೇ ಅನುಮಾನ.